1106 ಸುತ್ತು: ನಮ್ಮ ಮೈದಾನದ ಮೇಲೆ ಉರುಳಿದ ರೋಲರಿನ ಲೆಕ್ಕ

ನಮ್ಮ ಪ್ರೌಢಶಾಲೆಯ ಮೈದಾನ 70 ಮೀಟರ್ ಉದ್ದ, 45 ಮೀಟರ್ ಅಗಲ. ಪ್ರತಿ ಮಳೆಗಾಲ ಮುಗಿದಾಗಲೂ ಅದರ ಅವಸ್ಥೆ ಒಂದೇ: ನಡುವೆ ಹೊಂಡ, ಅಂಚಿನಲ್ಲಿ ಕೊರಕಲು. ಈ ಸಲ ಎಸ್‌ಡಿಎಂಸಿಯವರು ಮನಸ್ಸು ಮಾಡಿದರು. ಡಿಸೆಂಬರಿನಲ್ಲಿ ಜೆಸಿಬಿ ಬಂದು ಕೆಮ್ಮಣ್ಣು ಹರಡಿತು. ಅದನ್ನು ಗಟ್ಟಿ ಮಾಡಲು ಒಂದು ರೋಲರ್ ಗೊತ್ತು ಮಾಡಿದರು. ಮುಂದೆ ಒಂದೇ ದೊಡ್ಡ ಕಬ್ಬಿಣದ ಡ್ರಮ್, ಹಿಂದೆ ಎರಡು ಟೈರು ಇರುತ್ತಲ್ಲ, ಆ ಥರದ್ದು. ಮಾತು ಇಷ್ಟೇ: ಇಡೀ ಮೈದಾನದ ಮೇಲೆ ನಾಲ್ಕು ಸಲ ಉರುಳಿಸಬೇಕು, ಅದಕ್ಕೊಂದು ಇಡಿಗಂಟು ಹಣ.

ಅದೇ ವಾರ ನಾನು ಒಂಬತ್ತನೇ ತರಗತಿಗೆ ಸಿಲಿಂಡರ್ ಪಾಠ ಮಾಡುತ್ತಿದ್ದೆ. ಗಣಿತ ಕಲಿತವರಿಗೆಲ್ಲ ರೋಡ್ ರೋಲರ್ ಲೆಕ್ಕ ನೆನಪಿರುತ್ತದೆ. ವ್ಯಾಸ 84 ಸೆಂಟಿಮೀಟರ್, ಉದ್ದ 1 ಮೀಟರ್. ರಸ್ತೆಯ ಮೇಲೆ ಒಂದು ಸಲ ಹಾದುಹೋಗಲು 750 ಪೂರ್ಣ ಸುತ್ತು. ರಸ್ತೆಯ ವಿಸ್ತೀರ್ಣ ಎಷ್ಟು? ಉತ್ತರ 1980 ಚದರ ಮೀಟರ್. 84 ಅನ್ನೋ ಸಂಖ್ಯೆ ಎಲ್ಲಿಂದ ಬಂತು ಅಂದರೆ, 22/7ರ ಕೆಳಗಿನ 7ಕ್ಕೆ ಅದು ಚೆನ್ನಾಗಿ ಹೊಡೆದುಹೋಗುತ್ತದೆ. ನಿಜವಾದ ರೋಲರ್ ನೋಡಿ ಬರೆದ ಸಂಖ್ಯೆ ಅಂತ ನನಗಂತೂ ಅನಿಸಿಲ್ಲ.

ಈಗ ನಿಜವಾದ ರೋಲರೇ ಗೇಟಿನ ಹತ್ತಿರ ಬಂದು ನಿಂತಿತ್ತು. ಪುಸ್ತಕ ಮುಚ್ಚಿ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದೆ.

ವ್ಯಾಸ ಅಳೆಯಲು ಹೋಗಿ ಸೋತದ್ದು

ಮೊದಲು ವ್ಯಾಸ ಬೇಕು ಅಂತ ಇಬ್ಬರು ಹುಡುಗರು ಟೇಪು ಹಿಡಿದು ಹೋದರು. ಆಗಲಿಲ್ಲ. ಡ್ರಮ್ಮಿನ ಎರಡೂ ಪಕ್ಕದಲ್ಲಿ ದಪ್ಪ ಕಬ್ಬಿಣದ ಚೌಕಟ್ಟು ಇದೆ, ಟೇಪು ನೇರವಾಗಿ ನಡುವೆ ಹಾಯುವುದಿಲ್ಲ. ಹೊರಗಿನಿಂದ ಕಣ್ಣಂದಾಜಿನಲ್ಲಿ ಹಿಡಿದರೆ ಒಬ್ಬನಿಗೆ 1.46 ಮೀಟರ್ ಬಂತು, ಇನ್ನೊಬ್ಬನಿಗೆ 1.55.

ಸುಮ್ನೆ ತಲೆ ಕೆಡಿಸಿಕೊಳ್ಳುವುದು ಬೇಡ ಅಂತ ತಿರುಗಿಸಿ ಯೋಚಿಸಿದೆವು. ನಮಗೆ ನಿಜವಾಗಿ ಬೇಕಾದದ್ದು ವ್ಯಾಸ ಅಲ್ಲ, ಸುತ್ತಳತೆ. ಒಂದು ಸುತ್ತು ಉರುಳಿದರೆ ಡ್ರಮ್ ಎಷ್ಟು ಮುಂದೆ ಹೋಗುತ್ತದೆ ಅನ್ನುವುದೇ ಅದು. ಗೇಟಿನ ಮುಂದೆ ಸ್ವಲ್ಪ ಕಾಂಕ್ರೀಟ್ ನೆಲ ಇದೆ. ಡ್ರಮ್ಮಿನ ಮೇಲೆ ಅಡ್ಡಕ್ಕೆ ಒಂದು ಬಿಳಿ ಪೇಂಟಿನ ಗೆರೆ ಎಳೆದೆವು. ಗೆರೆ ನೆಲ ಮುಟ್ಟಿದ ಜಾಗದಲ್ಲಿ ಸೀಮೆಸುಣ್ಣದಲ್ಲಿ ಒಂದು ಗುರುತು. ಡ್ರೈವರಣ್ಣ ನಿಧಾನವಾಗಿ ಮುಂದೆ ಬಿಟ್ಟರು. ಗೆರೆ ಮೇಲೆ ಹೋಗಿ, ಆ ಕಡೆಯಿಂದ ಇಳಿದು, ಮತ್ತೆ ನೆಲ ಮುಟ್ಟಿತು. ಅಲ್ಲಿ ಇನ್ನೊಂದು ಗುರುತು. ಟೇಪು ಹಿಡಿದರೆ 4.71 ಮೀಟರ್. ಮೂರು ಸಲ ಮಾಡಿದರೂ ಅಷ್ಟೇ. 4.71 ಅನ್ನು 3.14ರಿಂದ ಭಾಗಿಸಿದರೆ ವ್ಯಾಸ ಸರಿಯಾಗಿ 1.5 ಮೀಟರ್.

ಡ್ರಮ್ಮಿನ ಉದ್ದ, ಅಂದರೆ ನೆಲದ ಮೇಲೆ ಅದು ಬಿಡುವ ಪಟ್ಟಿಯ ಅಗಲ, 2.13 ಮೀಟರ್ ಇತ್ತು. ಪುಸ್ತಕದಲ್ಲಿ ಇದನ್ನು 'ಉದ್ದ' ಅಂತ ಕರೆಯುವುದರಿಂದಲೇ ಎಷ್ಟೋ ಮಕ್ಕಳು ಎಡವುತ್ತಾರೆ. ಸಿಲಿಂಡರನ್ನು ಮಲಗಿಸಿದಾಗ ಅದರ ಎತ್ತರ ರಸ್ತೆಯ ಅಡ್ಡಕ್ಕೆ ಬರುತ್ತದೆ. ರೋಲರ್ ಹೋಗುವ ದಿಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ದೂರ ಕೇಳಿದರೆ ವ್ಯಾಸ ಮತ್ತು ಸುತ್ತು ಸಾಕು, ಡ್ರಮ್ಮಿನ ಉದ್ದ ಬೇಡವೇ ಬೇಡ. ವಿಸ್ತೀರ್ಣ ಕೇಳಿದಾಗ ಮಾತ್ರ ಉದ್ದ ಒಳಗೆ ಬರುತ್ತದೆ.

ದೂರ = π × ವ್ಯಾಸ × ಸುತ್ತು
ವಿಸ್ತೀರ್ಣ = π × ವ್ಯಾಸ × ಉದ್ದ × ಸುತ್ತು

ನಮ್ಮ ಡ್ರಮ್ಮಿಗೆ ಒಂದು ಸುತ್ತಿಗೆ 4.71 × 2.13, ಅಂದರೆ 10.03 ಚದರ ಮೀಟರ್. ಒಂದು ಸುತ್ತಿಗೆ ಹತ್ತು ಚದರ ಮೀಟರ್! ಮಕ್ಕಳಿಗೆ ಇದು ಬಹಳ ಹಿಡಿಸಿತು. ಆಗ ಒಬ್ಬ ಹುಡುಗ 13.56 ಅಂತ ಹೇಳಿದ. ಅವನು ಡ್ರಮ್ಮಿನ ಎರಡು ಪಕ್ಕದ ವೃತ್ತಗಳನ್ನೂ ಕೂಡಿಸಿದ್ದ, ಪೂರ್ಣ ಮೇಲ್ಮೈ ವಿಸ್ತೀರ್ಣದ ಸೂತ್ರ ಹಾಕಿ. ಬೈಯಲಿಲ್ಲ. ಡ್ರಮ್ಮಿನ ಪಕ್ಕಕ್ಕೆ ಕರೆದುಕೊಂಡು ಹೋಗಿ ಆ ತಟ್ಟೆಯ ಮೇಲೆ ಕೈ ಇಡಿಸಿದೆ. ಒಣಗಿದ ಗ್ರೀಸು, ಹಳೆ ಕೆಸರು ಅಂಟಿತ್ತು. "ಇದು ಯಾವತ್ತಾದರೂ ನೆಲ ಮುಟ್ಟುತ್ತೇನೋ?" ಅಂದೆ. ಅವನೇ ನಕ್ಕ.

ಎಣಿಕೆ

ಮಧ್ಯಾಹ್ನದ ಊಟ ಆದಮೇಲೆ ಕೆಲಸ ಶುರುವಾಯಿತು. ಮೈದಾನದ ಎರಡೂ ತುದಿಗೆ ಸುಣ್ಣದ ಗೆರೆ ಹಾಕಿಸಿದ್ದೆ. ಡ್ರಮ್ ಗೆರೆ ದಾಟಿ ಹೊರಗೆ ಹೋಗಿ ತಿರುಗಿಸಿಕೊಂಡರೆ ಆ ಸುತ್ತು ಎಣಿಸಬಾರದು, ಒಳಗೆ ಬಂದಾಗ ಮಾತ್ರ ಎಣಿಸಬೇಕು. ಹೊರಗಿನದನ್ನೂ ಸೇರಿಸಿದರೆ ಸಂಖ್ಯೆ ಸುಮ್ನೆ ಉಬ್ಬುತ್ತದೆ.

ಎರಡು ತಂಡ ಮಾಡಿದೆ. ಪ್ರತಿ ತಂಡದಲ್ಲಿ ಒಬ್ಬರು ಬಿಳಿ ಗೆರೆ ನೆಲ ಮುಟ್ಟಿದಾಗಲೆಲ್ಲ "ಬಂತು" ಅನ್ನಬೇಕು, ಇನ್ನೊಬ್ಬರು ನೋಟುಬುಕ್ಕಿನಲ್ಲಿ ಒಂದು ಕಡ್ಡಿ ಎಳೆಯಬೇಕು. ನಾಲ್ಕು ಕಡ್ಡಿ ಆದಮೇಲೆ ಐದನೆಯದು ಅಡ್ಡಗೆರೆ. ಸಂಜೆಯ ಹೊತ್ತಿಗೆ ಮೊದಲ ತಂಡದ ಹುಡುಗಿಯ ಪುಸ್ತಕದಲ್ಲಿ 221 ಕಟ್ಟು, ಮೇಲೊಂದು ಕಡ್ಡಿ. ಒಟ್ಟು 1106. ಎರಡನೇ ತಂಡಕ್ಕೆ 1103 ಬಂದಿತ್ತು. ನೀರು ಕುಡಿಯಲು ಹೋದಾಗ ಮೂರು ತಪ್ಪಿತು ಅಂತ ಅವರೇ ಒಪ್ಪಿಕೊಂಡರು. 1106 ಅನ್ನೇ ಇಟ್ಟುಕೊಂಡೆವು.

ರೋಲರಿನವರು ಕೆಲಸ ಮುಗೀತು ಅಂದರು. ಮೈದಾನ ನುಣ್ಣಗೆ ಕಾಣುತ್ತಿತ್ತು. ಮುಖ್ಯ ಶಿಕ್ಷಕರು ಹಣ ಕೊಡಲು ತಯಾರಾಗಿದ್ದರು. ಅಷ್ಟರಲ್ಲಿ ಆ ಹುಡುಗಿ ಲೆಕ್ಕ ಮಾಡಿ ತಂದಳು:

1106 × 10.03 = 11,093 ಚದರ ಮೀಟರ್
ಮೈದಾನ = 70 × 45 = 3150 ಚದರ ಮೀಟರ್
11,093 ÷ 3150 = 3.52

"ಸಾರ್, ಮೂರೂವರೆ ಸಲ ಮಾತ್ರ ಆಗಿದೆ."

ರೋಲರ್ ಮಾಲೀಕರಿಗೆ ಫೋನ್ ಹೋಯಿತು. ಅವರು ನಗುತ್ತಲೇ ಹೇಳಿದರು: "ಏನ್ ಮೇಷ್ಟ್ರೇ, ಮೂರೂವರೆ ಅಂದ್ರೆ ಹೆಚ್ಚುಕಡಿಮೆ ನಾಲ್ಕೇ ಅಲ್ವಾ? ಮಕ್ಕಳ ಲೆಕ್ಕ ಒಂದ್ ಹತ್ತು ಸುತ್ತು ಆಚೆ ಈಚೆ ಇರುತ್ತೆ." ಮಾತಿನಲ್ಲಿ ಅರ್ಥ ಇಲ್ಲದೆ ಇಲ್ಲ. ಎರಡು ತಂಡಕ್ಕೇ ಮೂರು ಸುತ್ತು ವ್ಯತ್ಯಾಸ ಬಂದಿತ್ತಲ್ಲ. ಆದರೆ ನನಗೆ ಅನುಮಾನ ಬಂದದ್ದು ಬೇರೆ ಕಡೆಯಿಂದ. 3.52 ಅನ್ನುವುದೇ ಜಾಸ್ತಿ ಇರಬೇಕು ಅಂತ ಅನಿಸಿತು.

ಪಟ್ಟಿಯ ಮೇಲೆ ಪಟ್ಟಿ

ಪುಸ್ತಕದ ಲೆಕ್ಕದಲ್ಲಿ 'ಒಂದು ಸಲ ಹಾದುಹೋಗಲು' ಅಂತ ಒಂದು ಮಾತಿದೆ. ಅದರ ಹಿಂದೆ ಒಂದು ಊಹೆ ಅಡಗಿದೆ: ಒಂದು ಪಟ್ಟಿಯ ಅಂಚಿಗೆ ಮುಂದಿನ ಪಟ್ಟಿ ಕೂದಲೆಳೆಯಷ್ಟೂ ಮೇಲೆ ಬೀಳದೆ, ಕೂದಲೆಳೆಯಷ್ಟೂ ಬಿಡದೆ ಕೂಡಿಕೊಳ್ಳುತ್ತದೆ. ಹಾಗೆ ಯಾವ ಡ್ರೈವರೂ ಓಡಿಸುವುದಿಲ್ಲ, ಓಡಿಸಲೂಬಾರದು. ಡ್ರಮ್ಮಿನ ಅಂಚಿನಲ್ಲಿ ಮಣ್ಣು ಪಕ್ಕಕ್ಕೆ ಒತ್ತಿ ಸಣ್ಣ ದಿಬ್ಬ ಏಳುತ್ತದೆ. ಮುಂದಿನ ಪಟ್ಟಿ ಅದರ ಮೇಲೆ ಸ್ವಲ್ಪ ಬೀಳಲೇಬೇಕು, ಇಲ್ಲದಿದ್ದರೆ ಮೈದಾನದ ತುಂಬ ಉದ್ದಕ್ಕೆ ಬದು ಕಟ್ಟಿದ ಹಾಗೆ ಗೆರೆ ಉಳಿಯುತ್ತದೆ. ನಮ್ಮ ಡ್ರೈವರಣ್ಣ ಹಳೆ ಪಟ್ಟಿಯ ಅಂಚು ನೋಡಿಕೊಂಡು ಡ್ರಮ್ಮನ್ನು ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ ಅದರ ಮೇಲೆ ಹತ್ತಿಸುತ್ತಿದ್ದರು. ಅಭ್ಯಾಸದ ಕೈ.

ಮೈದಾನದ ಮೇಲೆ ಆ ಅಂಚಿನ ಗೆರೆಗಳು ಇನ್ನೂ ಕಾಣುತ್ತಿದ್ದವು. ಬಿಸಿಲು ಇಳಿದಾಗ ಅಡ್ಡ ಬೆಳಕಿಗೆ ಇನ್ನೂ ಚೆನ್ನಾಗಿ ಕಂಡವು. ಟೇಪು ಹಿಡಿದು ಒಂದು ಗೆರೆಯಿಂದ ಮುಂದಿನ ಗೆರೆಗೆ ಅಳೆದೆವು. ಎಲ್ಲೋ 1.9, ಎಲ್ಲೋ 2.05. ಸರಾಸರಿ 1.98 ಮೀಟರ್. ಅಂದರೆ ಡ್ರಮ್ 2.13 ಮೀಟರ್ ಇದ್ದರೂ ಪ್ರತಿ ಸಾಲಿಗೆ ಹೊಸದಾಗಿ ಗಟ್ಟಿಯಾದದ್ದು 1.98 ಮೀಟರ್ ಮಾತ್ರ. ಉಳಿದ 15 ಸೆಂಟಿಮೀಟರ್ ಆಗಲೇ ಉರುಳಿದ ಜಾಗ.

ಮೊದಲ ಸಾಲು 2.13 ಮೀಟರ್ ಮುಚ್ಚುತ್ತದೆ, ಆಮೇಲೆ ಒಂದೊಂದು ಸಾಲೂ 1.98. 22 ಸಾಲಿಗೆ 43.71 ಮೀಟರ್ ಆಗುತ್ತದೆ, 45ಕ್ಕೆ ಸಾಲದು. ಹಾಗಾಗಿ 23 ಸಾಲು ಬೇಕು. ನೆಲದ ಮೇಲೆ ಎಣಿಸಿದಾಗಲೂ ಸಾಲು 23 ಇದ್ದವು. ಕೊನೆಯದು ಮಾತ್ರ ಪಕ್ಕದ್ದರ ಮೇಲೆ ಜಾಸ್ತಿ ಬಿದ್ದಿತ್ತು.

ಈಗ ಲೆಕ್ಕ ಬೇರೆಯಾಯಿತು. ಒಂದು ಸಾಲಿಗೆ 70 ÷ 4.71, ಅಂದರೆ 14.86 ಸುತ್ತು. 23 ಸಾಲಿಗೆ ಸುಮಾರು 342. ಇಡೀ ಮೈದಾನ ಒಂದು ಸಲ ಮುಗಿಯಲು 342 ಸುತ್ತು ಬೇಕು. ಪುಸ್ತಕದ ದಾರಿಯಲ್ಲಿ 3150 ಅನ್ನು 10.03ರಿಂದ ಭಾಗಿಸಿದರೆ ಸಿಗುವುದು 314. ಈ 28 ಸುತ್ತು ಡ್ರೈವರು ಕದ್ದದ್ದಲ್ಲ, ಪಟ್ಟಿಯ ಮೇಲೆ ಪಟ್ಟಿ ಬಿದ್ದದ್ದಕ್ಕೆ ಖರ್ಚಾದದ್ದು. ನೂರಕ್ಕೆ ಸುಮಾರು ಒಂಬತ್ತು.

ಡ್ರಮ್ ಚಿಕ್ಕದಾದಷ್ಟೂ ಈ ಖರ್ಚು ಏರುತ್ತದೆ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪುಸ್ತಕದ 1 ಮೀಟರ್ ರೋಲರನ್ನು ಇದೇ 15 ಸೆಂಟಿಮೀಟರ್ ಮೇಲೆ ಹತ್ತಿಸಿ ಓಡಿಸಿದರೆ ಸಾಲಿಗೆ 85 ಸೆಂಟಿಮೀಟರ್ ಮಾತ್ರ ದಕ್ಕುತ್ತದೆ. 1980 ಅಂತ ಬರೆದ ಕಡೆ ನಿಜವಾಗಿ 1700ರ ಹತ್ತಿರ ಇರುತ್ತದೆ.

ಸಡಿಲ ಮಣ್ಣಿನಲ್ಲಿ ಒಂದು ಸುತ್ತಿಗೆ ದೂರ ಕಮ್ಮಿ

ಇನ್ನೊಂದು ಸಣ್ಣ ವಿಷಯ ಉಳಿದಿತ್ತು. ಕಾಂಕ್ರೀಟಿನ ಮೇಲೆ ಸುತ್ತಿಗೆ 4.71 ಮೀಟರ್ ಸರಿ. ಆದರೆ ಆಗಷ್ಟೇ ಹರಡಿದ ಮಣ್ಣಿನ ಮೇಲೆ? ನಮ್ಮ ರೋಲರಿನ ಡ್ರಮ್ಮಿಗೂ ಎಂಜಿನ್ನಿನಿಂದ ಓಟ ಬರುತ್ತದೆ. ಅದು ಸಡಿಲ ಮಣ್ಣಿನಲ್ಲಿ ಸ್ವಲ್ಪ ಜಾರುತ್ತದೆ, ಅಂದರೆ ಸುತ್ತು ಆಗುತ್ತದೆ, ದೂರ ಅಷ್ಟು ಆಗುವುದಿಲ್ಲ. ಕೆಸರಿನಲ್ಲಿ ಟ್ರ್ಯಾಕ್ಟರ್ ಚಕ್ರ ತಿರುಗುತ್ತಾ ಇದ್ದರೂ ಗಾಡಿ ನಿಂತೇ ಇರುತ್ತದಲ್ಲ, ಅದರ ಚಿಕ್ಕ ತಮ್ಮ ಇದು. ಬರೀ ಎಳೆಸಿಕೊಂಡು ಹೋಗುವ ಡ್ರಮ್ ಆದರೆ ಉಲ್ಟಾ, ಅದು ತಿರುಗದೆ ಉಜ್ಜಿಕೊಂಡು ಹೋಗಬಹುದು, ಆಗ ಸುತ್ತು ಕಮ್ಮಿ ಬರುತ್ತದೆ.

ಇದನ್ನು ಊಹಿಸುವುದಕ್ಕಿಂತ ಅಳೆಯುವುದು ಸುಲಭ. ಕೆಲಸ ಶುರುವಾದ ಮೊದಲ ಸಾಲಿನಲ್ಲೇ ಹತ್ತು ಸುತ್ತಿನ ಎರಡು ತುದಿಗೂ ಗೂಟ ಹೊಡೆಸಿದ್ದೆ. ನಡುವಿನ ದೂರ 46.3 ಮೀಟರ್ ಬಂದಿತ್ತು, 47.1 ಬರಬೇಕಿತ್ತು. ಎರಡನೇ ಸಲ ಅದೇ ಸಾಲಿನಲ್ಲಿ ಬಂದಾಗ ಸರಿಯಾಗಿ 47.1 ಸಿಕ್ಕಿತು, ಮಣ್ಣು ಅಷ್ಟರಲ್ಲಿ ಗಟ್ಟಿಯಾಗಿತ್ತು. ಹಾಗಾಗಿ ಮೊದಲ ಸಲಕ್ಕೆ 342ರ ಬದಲು 348 ಸುತ್ತು ಹಿಡಿಯಬೇಕು. ಆರು ಸುತ್ತು ಜಾಸ್ತಿ, ಅಷ್ಟೇ.

π ಬಗ್ಗೆ ಒಬ್ಬ ಹುಡುಗ ಬಿಡದೆ ಕೇಳಿದ: 22/7 ಹಾಕಬೇಕೋ 3.14 ಹಾಕಬೇಕೋ ಅಂತ. ಆ ಮಧ್ಯಾಹ್ನ ರೋಲರ್ ಒಟ್ಟು ಐದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಉರುಳಿತು. ಅಷ್ಟು ದೂರದಲ್ಲಿ 22/7ಕ್ಕೂ ನಿಜವಾದ π ಬೆಲೆಗೂ ಬರುವ ವ್ಯತ್ಯಾಸ ಎರಡು ಮೀಟರ್. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಕಳೆಯುವ ನಾವು, ಒಂದು ಗೇಣು ಹತ್ತಿಸಿದ್ದರಿಂದ ಬರುವ ಒಂಬತ್ತು ಪರ್ಸೆಂಟನ್ನು ಕೇಳುವುದೇ ಇಲ್ಲ!

ನಾಲ್ಕನೇ ಸಲ ಎಲ್ಲಿ ಹೋಯಿತು

ಮೊದಲ ಸಲಕ್ಕೆ 348, ಎರಡನೆಯದಕ್ಕೆ 342, ಮೂರನೆಯದಕ್ಕೆ 342. ಒಟ್ಟು 1032. ನಮ್ಮ ಎಣಿಕೆ 1106. ಉಳಿದದ್ದು 74 ಸುತ್ತು. ಒಂದು ಸಾಲಿಗೆ 14.86 ಅಂದರೆ 74ಕ್ಕೆ ಸರಿಯಾಗಿ ಐದು ಸಾಲು. 'ಸುಮಾರು' ಅಂತ ಸೇರಿಸುವ ಅಗತ್ಯವೂ ಬೀಳಲಿಲ್ಲ.

ಅಂದರೆ ಮೂರು ಸಲ ಪೂರ್ತಿ ಆಗಿದೆ, ನಾಲ್ಕನೇ ಸಲ 23ರಲ್ಲಿ ಐದು ಸಾಲು ಮಾತ್ರ. 3.52 ಅಲ್ಲ, 3.2. ಮಾಲೀಕರು ಹೇಳಿದ 'ಹತ್ತು ಸುತ್ತು ಆಚೆ ಈಚೆ' ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಾಲ್ಕು ಸಲ ಮುಗಿಯಲು 348 ಜೊತೆ ಮೂರು 342, ಅಂದರೆ 1374 ಸುತ್ತು ಬೇಕು. ಕೊರತೆ 268. ಅಷ್ಟು ಸುತ್ತನ್ನು ಎರಡು ತಂಡಗಳೂ ನೋಡದೆ ಬಿಡಬೇಕಾದರೆ ಮುಕ್ಕಾಲು ಗಂಟೆ ಎಲ್ಲರೂ ನಿದ್ದೆ ಮಾಡಿರಬೇಕು.

ಆದರೆ ಎಣಿಕೆಗೂ ಒಂದು ಮಿತಿ ಇದೆ. ಆ ಐದು ಸಾಲು ಯಾವುವು ಅಂತ 1106 ಹೇಳುವುದಿಲ್ಲ. ಒಂದೇ ಸಾಲಿನ ಮೇಲೆ ಹತ್ತು ಸಲ ಓಡಿಸಿ ಇನ್ನೊಂದನ್ನು ಮುಟ್ಟದೇ ಬಿಟ್ಟಿದ್ದರೂ ಒಟ್ಟು ಸಂಖ್ಯೆ ಹಾಗೇ ಇರುತ್ತಿತ್ತು. ಸಾಲಿಗೊಂದು ಪುಟ ಮಾಡಿ ಎಣಿಸಿದ್ದರೆ ಗೊತ್ತಾಗುತ್ತಿತ್ತು. ಆ ತಪ್ಪು ನನ್ನದು.

ಸಂಜೆ ಡ್ರೈವರಣ್ಣನ ಹತ್ತಿರ ಹೋಗಿ ಟೀ ಕುಡಿಯುತ್ತಾ ಕೇಳಿದೆ. ಜಗಳದ ಧಾಟಿ ಇಲ್ಲ, ಸಂಖ್ಯೆ ಮಾತ್ರ ಹೇಳಿದೆ: ಐದು ಸಾಲು ನಾಲ್ಕು ಸಲ, ಹದಿನೆಂಟು ಸಾಲು ಮೂರೇ ಸಲ. ಅವರು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು.

"ಯಾರ್ ಸಾರ್ ಹೇಳಿದ್ದು ನಿಮಗೆ?"

ಆಮೇಲೆ ಅವರೇ ಬಿಡಿಸಿ ಹೇಳಿದರು. ಮೊದಲಿಗೆ ಪ್ರತಿ ಸಾಲಿನಲ್ಲೂ ಮುಂದೆ ಹೋಗಿ, ಅದೇ ಸಾಲಿನಲ್ಲಿ ರಿವರ್ಸ್ ಬಂದಿದ್ದರು. ಹೋದದ್ದು ಒಂದು ಸಲ, ಬಂದದ್ದು ಇನ್ನೊಂದು ಸಲ. ಅಲ್ಲಿಗೆ ಎರಡಾಯಿತು. ಮತ್ತೆ ಮೊದಲಿನಿಂದ ಹಿಡಿದಾಗ ವೇದಿಕೆ ಕಡೆಯ ಐದು ಸಾಲು ಹಾಗೇ ಹೋಗಿ ಬಂದರು. "ಆಮೇಲೆ ಹೊತ್ತು ಇಳೀತಾ ಇತ್ತು ಸಾರ್. ಹೋಗೋದು ಒಂದ್ ಸಾಲು, ಬರೋದು ಪಕ್ಕದ ಸಾಲು ಅಂತ ಮಾಡಿಬಿಟ್ಟೆ." ಐದು ಸಾಲಿಗೆ ಎರಡೆರಡು, ಹದಿನೆಂಟಕ್ಕೆ ಒಂದೊಂದು. ಮೇಲಿನ ಲೆಕ್ಕಕ್ಕೆ ಸರಿಹೋಯಿತು.

ಮಾಲೀಕರ ಹತ್ತಿರ ಮಾತಾಡುವಾಗ ಒಂದು ಗೊಂದಲವೂ ಬಯಲಾಯಿತು. 'ಎರಡು ಟ್ರಿಪ್ಪು ಆಯ್ತು' ಅಂತ ಡ್ರೈವರು ಹೇಳಿದ್ದನ್ನು ಅವರು ಹೋಗಿ-ಬರುವ ಎರಡು ಟ್ರಿಪ್ಪು, ಒಟ್ಟು ನಾಲ್ಕು ಸಲ ಅಂತ ತಿಳಿದುಕೊಂಡಿದ್ದರು. ಡ್ರಮ್ ಒಂದು ಜಾಗದ ಮೇಲೆ ಒಂದು ಸಲ ಹಾದರೆ ಒಂದು, ಮುಂದಕ್ಕೆ ಬಂದರೂ ಹಿಂದಕ್ಕೆ ಬಂದರೂ ಅಷ್ಟೇ. ಇದನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡಿದ್ದರೆ ಫೋನಿನ ಖರ್ಚು ಉಳಿಯುತ್ತಿತ್ತು.

ಮಾರನೇ ದಿನ ಬೆಳಿಗ್ಗೆ ಏಳಕ್ಕೆ ರೋಲರ್ ಮತ್ತೆ ಬಂತು. ರಾತ್ರಿ ಒಣಗಿದ ಮೇಲ್ಮಣ್ಣಿಗೆ ಸ್ವಲ್ಪ ನೀರು ಚಿಮುಕಿಸಿದೆವು. ಆರನೇ ಸಾಲಿನಿಂದ ಇಪ್ಪತ್ಮೂರನೇ ಸಾಲಿನವರೆಗೆ, ಹದಿನೆಂಟು ಸಾಲು, 1260 ಮೀಟರ್. ಪ್ರಾರ್ಥನೆಯ ಗಂಟೆ ಹೊಡೆಯುವುದರೊಳಗೆ ಮುಗಿಯಿತು. ಅದೇ ಹುಡುಗಿ ಈ ಸಲ ಸಾಲಿಗೊಂದು ಗೆರೆ ಹಾಕಿ ಬೇರೆ ಬೇರೆ ಎಣಿಸಿದ್ದಳು. ಕೆಲವು ಸಾಲಿಗೆ 14, ಹೆಚ್ಚಿನವಕ್ಕೆ 15. ಬಿಳಿ ಗೆರೆ ಸುಣ್ಣದ ಗೆರೆಯ ಒಳಗೆ ಎಲ್ಲಿ ಮೊದಲು ಮುಟ್ಟುತ್ತದೆ ಅನ್ನುವುದರ ಮೇಲೆ ಒಂದು ಹೆಚ್ಚು ಕಮ್ಮಿ ಆಗುತ್ತದೆ. ಕೂಡಿದರೆ 267.

ಹೊರಡುವ ಮುಂಚೆ ಡ್ರೈವರಣ್ಣ ಎಂಜಿನ್ ಆಫ್ ಮಾಡದೆ ಮೇಲಿಂದಲೇ ಕೂಗಿ ಕೇಳಿದರು: "ಸಾರ್, ನನ್ನ ಡ್ರಮ್ಮಿಗೆ ಸುತ್ತಿಗೆ ಹತ್ತು ಅಂದ್ರಲ್ಲ, ಅದು ಮೀಟರ್ರಾ, ಚದರ ಮೀಟರ್ರಾ?"

ಚದರ, ಅಂದೆ. ಆದರೆ ಸಾಲಿನ ಮೇಲೆ ಸಾಲು ಹತ್ತಿಸುವಾಗ ಒಂಬತ್ತೂಕಾಲು ಅಂತ ಹಿಡಿಯಿರಿ ಅಂದೆ.

ಬಿಳಿ ಪೇಂಟಿನ ಗೆರೆಯನ್ನು ಅವರು ಅಳಿಸಲಿಲ್ಲ.